ವಾಪಸ್ ಬಂದ ನಲವತ್ತು ಬಾಟ್ಲಿ: ಉಪ್ಪಿನಕಾಯಿಗೆ ನೋಂದಣಿ, ಬಾಟ್ಲಿಗೆ ಸರಿಯಾದ ಲೇಬಲ್

ಮಾವಿನ ಮಿಡಿಯ ಕಾಲ ಮುಗಿದು ಮಳೆ ಹಿಡಿಯುವ ಮೊದಲು ಮಲೆನಾಡಿನ ನಮ್ಮ ಒಂದು ಮಹಿಳಾ ಸ್ವ-ಸಹಾಯ ಸಂಘದವರು 40 ಬಾಟ್ಲಿ ಮಿಡಿ ಉಪ್ಪಿನಕಾಯಿ ಹಾಕಿ ಪೇಟೆಯ ಒಂದು ದೊಡ್ಡ ಅಂಗಡಿಗೆ ಕೊಟ್ಟಿದ್ದರು. ಎರಡೇ ದಿನದಲ್ಲಿ ಅಂಗಡಿಯವರು ಫೋನು ಮಾಡಿ, "ಅಕ್ಕ, ನಿಮ್ಮ ಮಾಲು ಬಂದು ತಗೊಂಡು ಹೋಗಿ" ಅಂದರು. ಉಪ್ಪಿನಕಾಯಿ ಕೆಟ್ಟಿರಲಿಲ್ಲ, ರುಚಿಯಲ್ಲೂ ಏನೂ ಹೆಚ್ಚುಕಮ್ಮಿ ಇರಲಿಲ್ಲ. ಬಾಟ್ಲಿಯ ಮೇಲಿದ್ದ 14 ಅಂಕಿಯ ನಂಬರನ್ನು ಅಂಗಡಿಯ ಹುಡುಗ ತನ್ನ ಮೊಬೈಲಿನಲ್ಲಿ ಹೊಡೆದು ನೋಡಿದ್ದ. ಅದರಲ್ಲಿ ಬೇರೆ ಊರಿನ ಬೇರೆ ಸಂಘದ ಹೆಸರು ಬಂತು!

ಸಂಘದವರಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ. ಪಕ್ಕದೂರಿನ ಸಂಘಕ್ಕೆ ನೋಂದಣಿ ಇದೆ, ಅವರೂ ನಮ್ಮವರೇ, ಅದೇ ನಂಬರು ಹಾಕಿದರಾಯಿತು ಅಂತ ತಿಳಿದಿದ್ದರು. ನಮ್ಮ ಕಾರ್ಯಕರ್ತೆಯರೂ ಅದನ್ನು ಗಮನಿಸಲಿಲ್ಲ, ಆ ತಪ್ಪು ನಮ್ಮದು. ಬಾಟ್ಲಿಗಳು ವಾಪಸ್ ಬಂದ ಮೇಲೆ ಆ ಲೇಬಲನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಓದಿದೆವು. ನಂಬರು ಒಂದೇ ಅಲ್ಲ, ಇನ್ನೂ ಆರೇಳು ತಪ್ಪು ಸಿಕ್ಕಿದವು. ಬೇರೆ ಸಂಘಗಳವರೂ ಇದೇ ತಪ್ಪು ಮಾಡುತ್ತಿರಬಹುದು ಎಂದು ಅದನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ನಂಬರಿನ ವಿಷಯ. ಹಿಂದೆ ಉಪ್ಪಿನಕಾಯಿ, ಜಾಮು ಮಾಡುವವರಿಗೆ ಎಫ್‌ಪಿಓ ಅಂತ ಬೇರೆಯೇ ಒಂದು ಪರವಾನಗಿ ಇತ್ತು. ಹಳಬರಿಗೆ ನೆನಪಿರಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಿ ಬಂತು, ಅದರ ನಿಯಮಗಳು 2011ರ ಆಗಸ್ಟ್‌ನಲ್ಲಿ ಜಾರಿಯಾದವು. ಅಲ್ಲಿಂದ ಮುಂದೆ ಉಪ್ಪಿನಕಾಯಿಯಿಂದ ಚಕ್ಕುಲಿಯವರೆಗೆ ಎಲ್ಲಕ್ಕೂ ಎಫ್‌ಎಸ್‌ಎಸ್‌ಎಐ ಒಂದೇ. ಅದರಲ್ಲಿ ಸಣ್ಣವರಿಗೆ ಇರುವುದು ನೋಂದಣಿ, ದೊಡ್ಡವರಿಗೆ ಇರುವುದು ಲೈಸೆನ್ಸು. ನಾವು ಮಾತಿನಲ್ಲಿ ಎರಡನ್ನೂ ಲೈಸೆನ್ಸ್ ಅನ್ನುತ್ತೇವೆ, ಆದರೆ ಅರ್ಜಿ ಬೇರೆ, ಶುಲ್ಕ ಬೇರೆ. ನಂಬರು ನೋಡಿದರೇ ಯಾವುದು ಅಂತ ಗೊತ್ತಾಗುತ್ತದೆ. 2ರಿಂದ ಶುರುವಾದರೆ ನೋಂದಣಿ, 1ರಿಂದ ಶುರುವಾದರೆ ಲೈಸೆನ್ಸು. ಅದರ ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಹಾಗಾಗಿ ನಮ್ಮ ಸಂಘಗಳ ನೋಂದಣಿ ನಂಬರು 212 ಅಂತ ಆರಂಭವಾಗಬೇಕು.

2011ರ ನಿಯಮದಲ್ಲಿ ಸಣ್ಣ ತಯಾರಕರು ಅಂದರೆ ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನವರು ಎಂದು ಗೆರೆ ಎಳೆದಿದ್ದರು, ಶುಲ್ಕ ವರ್ಷಕ್ಕೆ 100 ರೂಪಾಯಿ ಇಟ್ಟಿದ್ದರು. ಮಿತಿ, ಶುಲ್ಕ, ಅವಧಿ ಇವಕ್ಕೆ ಆಗಾಗ ತಿದ್ದುಪಡಿ ಬರುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನ ಆ ವೆಬ್‌ಸೈಟಿನಲ್ಲಿ ಏನು ತೋರಿಸುತ್ತದೋ ಅದನ್ನೇ ನಂಬಿ, ಯಾರೋ ಹೇಳಿದ್ದನ್ನಲ್ಲ. ಒಂದಂತೂ ಖಂಡಿತ: ಸಂಘದ ಉಪ್ಪಿನಕಾಯಿಗೆ ಸಾವಿರಾರು ರೂಪಾಯಿ ಕೇಳುವ ಏಜೆಂಟರು ಸರ್ಕಾರದ ಶುಲ್ಕ ಕೇಳುತ್ತಿಲ್ಲ, ತಮ್ಮ ಕೂಲಿ ಕೇಳುತ್ತಿದ್ದಾರೆ.

ಇನ್ನೊಂದು ಮಾತು. ಜಾತ್ರೆ, ಚರ್ಚಿನ ಹಬ್ಬದ ಸ್ಟಾಲಿನಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಮಾರುತ್ತೇವೆ, ನಮಗೆ ಬೇಡವಲ್ಲ ಅಂತ ಕೆಲವರು ಕೇಳುತ್ತಾರೆ. ತಾತ್ಕಾಲಿಕ ಸ್ಟಾಲಿನವರನ್ನೂ, ಧಾರ್ಮಿಕ ಅಥವಾ ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ ಈ ನಿಯಮ ಸಣ್ಣ ತಯಾರಕರ ಲೆಕ್ಕಕ್ಕೇ ಸೇರಿಸಿದೆ. ಮಾರುವುದಾದರೆ ನೋಂದಣಿ ಬೇಕು.

ಅರ್ಜಿ ಹಾಕುವ ಜಾಗ `foscos.fssai.gov.in`. 2020ರಿಂದ ಎಲ್ಲ ಅರ್ಜಿಯೂ ಇದರಲ್ಲೇ. ಸಂಘದ ಒಬ್ಬರ ಮೊಬೈಲ್ ನಂಬರು ಕೊಟ್ಟರೆ ಓಟಿಪಿ ಬರುತ್ತದೆ. ರಾಜ್ಯ ಕರ್ನಾಟಕ ಅಂತ ಆರಿಸಿ, ವ್ಯವಹಾರದ ವಿಧ ಕೇಳುವಲ್ಲಿ ತಯಾರಕರು ಅಂತ ಆರಿಸಬೇಕು. ಕೆಲವರು ಅವಸರದಲ್ಲಿ ಚಿಲ್ಲರೆ ಮಾರಾಟಗಾರರು ಅಂತ ಒತ್ತಿಬಿಡುತ್ತಾರೆ. ಆಗ ಸಿಗುವ ಪ್ರಮಾಣಪತ್ರದಲ್ಲಿ ಮಾರಲಿಕ್ಕೆ ಮಾತ್ರ ಅನುಮತಿ ಇರುತ್ತದೆ, ತಯಾರಿಸಲಿಕ್ಕೆ ಇರುವುದಿಲ್ಲ. ಆಮೇಲೆ ಪದಾರ್ಥದ ಗುಂಪುಗಳು. ಉಪ್ಪಿನಕಾಯಿ ಹಣ್ಣು-ತರಕಾರಿಯ ಗುಂಪಿನಲ್ಲಿ ಬರುತ್ತದೆ, ಸಾಂಬಾರು ಪುಡಿ ಮಸಾಲೆಯ ಗುಂಪಿನಲ್ಲಿ, ಚಕ್ಕುಲಿ-ನಿಪ್ಪಟ್ಟು ಕುರುಕಲು ತಿಂಡಿಯ ಗುಂಪಿನಲ್ಲಿ. ಮುಂದಿನ ವರ್ಷ ಪುಡಿಯನ್ನೂ ಮಾಡುವ ಯೋಚನೆ ಇದ್ದರೆ ಈಗಲೇ ಅದನ್ನೂ ಸೇರಿಸುವುದು ಒಳ್ಳೆಯದು. ದಾಖಲೆ ಹೆಚ್ಚು ಬೇಡ. ಅರ್ಜಿದಾರರ ಫೋಟೋ, ಗುರುತಿನ ಚೀಟಿ ಸಾಕು. ತಯಾರಿಸುವ ಜಾಗದ ವಿಳಾಸ ಗುರುತಿನ ಚೀಟಿಯಲ್ಲಿರುವ ವಿಳಾಸಕ್ಕಿಂತ ಬೇರೆಯಾದರೆ ಆ ಜಾಗದ ಕರೆಂಟ್ ಬಿಲ್ಲು ಅಥವಾ ಬಾಡಿಗೆ ಪತ್ರ ಇರಲಿ. ಕಂಪ್ಯೂಟರ್ ಅಭ್ಯಾಸ ಇಲ್ಲದವರು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು. ಆದರೆ ಮೊಬೈಲ್ ನಂಬರು ಮಾತ್ರ ಸಂಘದ್ದೇ ಕೊಡಿ, ಸೆಂಟರಿನ ಹುಡುಗನದ್ದು ಬೇಡ. ಅಧಿಕಾರಿಗಳ ಪ್ರಶ್ನೆ, ಸೂಚನೆ ಎಲ್ಲ ಆ ನಂಬರಿಗೇ ಬರುತ್ತದೆ.

ಇಲ್ಲಿ ನಮ್ಮ ಸಂಘಗಳು ಹೆಚ್ಚಾಗಿ ಎಡವುವುದು ವಿಳಾಸದಲ್ಲಿ. ಪ್ರಮಾಣಪತ್ರದಲ್ಲಿ ಒಂದು ಜಾಗದ ವಿಳಾಸ ಇರುತ್ತದೆ. ಆ ಜಾಗದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ನಂಬರು. ಈ ಸಂಘದವರು ಮಿಡಿಯನ್ನು ಮೂವರು ಹಂಚಿಕೊಂಡು ಮೂರು ಮನೆಯಲ್ಲಿ ಉಪ್ಪಿಗೆ ಹಾಕಿದ್ದರು, ಮಸಾಲೆ ಅರೆದದ್ದು ನಾಲ್ಕನೆಯವರ ಮನೆಯಲ್ಲಿ. ಅಧಿಕಾರಿ ಬಂದು ಎಲ್ಲಿ ಮಾಡಿದಿರಿ ಅಂದರೆ ಏನು ತೋರಿಸುವುದು? ಈಗ ಅಧ್ಯಕ್ಷೆಯವರ ಮನೆಯ ಹಿಂದಿನ ಒಂದು ಕೋಣೆಯನ್ನು ಇದಕ್ಕೇ ಬಿಟ್ಟಿದ್ದಾರೆ. ಮಿಡಿ ತೊಳೆಯುವುದರಿಂದ ಮುಚ್ಚಳ ಹಾಕುವವರೆಗೆ ಎಲ್ಲ ಅಲ್ಲೇ. ಅರ್ಜಿ ಆ ವಿಳಾಸಕ್ಕೆ ಹಾಕಿದರು, ನೋಂದಣಿ ಸಿಕ್ಕಿತು. ವಾಪಸ್ ಬಂದ 40 ಬಾಟ್ಲಿಗೆ ಹೊಸ ನಂಬರು ಅಂಟಿಸಿ ಮಾರಬಹುದಲ್ಲ ಅಂತ ಒಬ್ಬ ಸದಸ್ಯೆ ಕೇಳಿದರು. ಆಗುವುದಿಲ್ಲ. ಅದು ಆ ಕೋಣೆಯಲ್ಲಿ, ಆ ನೋಂದಣಿಯಲ್ಲಿ ತಯಾರಾದ ಮಾಲಲ್ಲ. ಸದಸ್ಯೆಯರೇ ಅದನ್ನು ಮನೆಗೆ ಹಂಚಿಕೊಂಡರು.

ಇನ್ನು ಲೇಬಲ್. ಈಗ ನಡೆಯುವುದು 2020ರ ಲೇಬಲಿಂಗ್ ನಿಯಮ. ಅದರ ಜೊತೆಗೆ ತೂಕ, ಬೆಲೆಯ ಮಟ್ಟಿಗೆ 2011ರ ಪೊಟ್ಟಣ ಸಾಮಗ್ರಿ ನಿಯಮವೂ ಸೇರುತ್ತದೆ.

ಹಳೆಯ ಲೇಬಲ್ ಪೂರಾ ಕನ್ನಡದಲ್ಲಿತ್ತು. ನಮಗೆ ಅದು ಹೆಮ್ಮೆಯೇ, ಆದರೆ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಅದರ ಜೊತೆಗೆ ಕನ್ನಡದಲ್ಲೂ ಹಾಕಲಿಕ್ಕೆ ಅಡ್ಡಿಯಿಲ್ಲ, ಎರಡರಲ್ಲೂ ಒಂದೇ ವಿಷಯ ಇರಬೇಕು ಅಷ್ಟೆ. ಇದು ಸರಿಯೋ ತಪ್ಪೋ ಬೇರೆ ಮಾತು. ಸಾಗರದ ಗಿರಾಕಿಗೆ ಕನ್ನಡವೇ ಓದಲು ಬರುವುದು. ಹಾಗಾಗಿ ಎರಡೂ ಹಾಕಿ.

ಹೆಸರಿನ ಜಾಗದಲ್ಲಿ ಸಂಘದ ಹೆಸರು ದೊಡ್ಡದಾಗಿ, ಕೆಳಗೆ "ಅಪ್ಪಟ ಮನೆ ರುಚಿ" ಅಂತ ಮಾತ್ರ ಇತ್ತು. ಒಳಗೇನಿದೆ ಅಂತ ಹೇಳುವ ಹೆಸರೇ ಇಲ್ಲ! ಮಾವಿನ ಮಿಡಿ ಉಪ್ಪಿನಕಾಯಿ ಎಂದು ಎದುರಿನ ಮುಖದಲ್ಲೇ ಬರೆಯಬೇಕು. ಶುದ್ಧ, ಅಪ್ಪಟ, ಸಾಂಪ್ರದಾಯಿಕ, ನೈಸರ್ಗಿಕ, ಮನೆಯಲ್ಲೇ ಮಾಡಿದ್ದು ಇಂಥ ಮಾತುಗಳ ಮೇಲೆ 2018ರ ಜಾಹೀರಾತು ನಿಯಮದ ಕಣ್ಣಿದೆ. ಗಿರಾಕಿಗೆ ತಪ್ಪು ಕಲ್ಪನೆ ಕೊಡುವ ಹಾಗೆ ಬಳಸಬಾರದು. ನಮ್ಮ ಸಲಹೆ, ಬಿಟ್ಟೇಬಿಡಿ. ಸಕ್ಕರೆ ಕಾಯಿಲೆಗೆ ಒಳ್ಳೆಯದು, ಜೀರ್ಣಕ್ಕೆ ಔಷಧ ಅಂತಂತೂ ಬರೆಯಲೇಬೇಡಿ.

ಪದಾರ್ಥಗಳ ಪಟ್ಟಿಯೇ ಎಲ್ಲಕ್ಕಿಂತ ಹೆಚ್ಚು ಕೆಟ್ಟಿತ್ತು. ಹಳೆಯ ಲೇಬಲಿನಲ್ಲಿ "ಮೆಣಸಿನ ಪುಡಿ, ಸಾಸಿವೆ, ಅರಿಶಿನ, ಮಾವಿನ ಮಿಡಿ" ಎಂದಿತ್ತು. ಅಂಗಡಿಯಿಂದ ದುಡ್ಡು ಕೊಟ್ಟು ತಂದದ್ದು ಮೊದಲು ನೆನಪಿಗೆ ಬಂದಿರಬೇಕು. ಉಪ್ಪು ಇಲ್ಲ, ಇಂಗು ಇಲ್ಲ. ನಿಯಮ ಕೇಳುವುದು ಹಾಕಿದ ತೂಕದ ಕ್ರಮದಲ್ಲಿ, ಹೆಚ್ಚಿನದು ಮೊದಲು. ಅದಕ್ಕೆ ಅಂದಾಜು ನಡೆಯುವುದಿಲ್ಲ, ತೂಕ ಬರೆದಿಡಬೇಕು. ಎರಡನೇ ಸಲ ಮಾಡುವಾಗ ನಾವೇ ಪಕ್ಕದಲ್ಲಿ ಕೂತು ಬರೆದುಕೊಂಡೆವು. ಮಿಡಿ 8 ಕೆ.ಜಿ., ಉಪ್ಪು 2 ಕೆ.ಜಿ., ಮೆಣಸಿನ ಪುಡಿ 600 ಗ್ರಾಂ, ಸಾಸಿವೆ 400 ಗ್ರಾಂ, ಅರಿಶಿನ 50 ಗ್ರಾಂ, ಇಂಗು 20 ಗ್ರಾಂ. ಒಟ್ಟು 11 ಕೆ.ಜಿ. 70 ಗ್ರಾಂ. ಮಸಾಲೆ ಅರೆದದ್ದು ಮಿಡಿಯೇ ಬಿಟ್ಟ ಉಪ್ಪುನೀರಿನಲ್ಲಿ, ಬೇರೆ ನೀರು ಸೇರಿಸಲಿಲ್ಲ. ಸೇರಿಸಿದ್ದರೆ ನೀರನ್ನೂ ಪಟ್ಟಿಯಲ್ಲಿ ಅದರ ತೂಕದ ಜಾಗದಲ್ಲಿ ಬರೆಯಬೇಕಿತ್ತು. ಈಗ ಪಟ್ಟಿ ತಾನಾಗಿಯೇ ಬರುತ್ತದೆ: ಮಾವಿನ ಮಿಡಿ, ಉಪ್ಪು, ಮೆಣಸಿನ ಪುಡಿ, ಸಾಸಿವೆ, ಅರಿಶಿನ, ಇಂಗು.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡಾ 12ಕ್ಕಿಂತ ಕಡಿಮೆ ಇರಬಾರದು ಅಂತ ಗುಣಮಟ್ಟದ ನಿಯಮ ಹೇಳುತ್ತದೆ. 11 ಕೆ.ಜಿ.ಗೆ 2 ಕೆ.ಜಿ. ಅಂದರೆ ಶೇಕಡಾ 18, ಆದ್ದರಿಂದ ಚಿಂತೆಯಿಲ್ಲ. ಆದರೆ ಈಗಿನವರು ಉಪ್ಪು ಕಡಿಮೆ ಕೇಳುತ್ತಾರೆ ಅಂತ ಕೈ ಬಿಗಿ ಹಿಡಿದರೆ ಲೇಬಲ್ ಮಾತ್ರವಲ್ಲ, ಮಿಡಿಯೂ ಕೆಡುತ್ತದೆ. ಮೇಲೆ ಬಿಳಿ ಪೊರೆ ಕಟ್ಟುವುದು, ಮಿಡಿ ಮೆತ್ತಗಾಗುವುದು, ಮುಚ್ಚಳ ತೆಗೆದಾಗ ಗಾಳಿ ಬುಸ್ಸೆನ್ನುವುದು ಅದರ ಗುರುತು. ಎಣ್ಣೆಯ ಉಪ್ಪಿನಕಾಯಿ ಮಾಡುವವರಿಗೆ ಅಳತೆ ಬೇರೆ: ಹೋಳಿನ ಮೇಲೆ ಅರ್ಧ ಸೆಂಟಿಮೀಟರ್ ಎಣ್ಣೆ ನಿಲ್ಲಬೇಕು, ಇಲ್ಲವೇ ಒಟ್ಟಿನಲ್ಲಿ ಶೇಕಡಾ 10 ಎಣ್ಣೆ ಇರಬೇಕು.

ಇಂಗಿನ ವಿಚಾರ ಕೇಳಿ ಎಲ್ಲರೂ ಆಶ್ಚರ್ಯಪಟ್ಟರು. 20 ಗ್ರಾಂ ಇಂಗಿನಲ್ಲಿ ಬರೆಯುವಂಥದ್ದು ಏನಿದೆ? ಅಂಗಡಿಯಲ್ಲಿ ಸಿಗುವ ಡಬ್ಬದ ಇಂಗು ಬರೀ ಇಂಗಲ್ಲ, ಗೋಂದು ಮತ್ತು ಹಿಟ್ಟು ಸೇರಿಸಿದ ಕಂಪೌಂಡ್ ಇಂಗು. ಡಬ್ಬ ತಿರುಗಿಸಿ ಓದಿದರೆ ಬಹಳಷ್ಟರಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಅಂತ ಇರುತ್ತದೆ. ಗೋಧಿ ಆಗದವರು ಇದ್ದಾರೆ, ಅವರಿಗೆ ಒಂದು ಚಿಟಿಕೆಯೂ ತೊಂದರೆ ಕೊಡಬಹುದು. ಆದ್ದರಿಂದ ಪಟ್ಟಿಯ ಕೆಳಗೆ ಬೇರೆ ಸಾಲಿನಲ್ಲಿ "ಗೋಧಿ ಇದೆ" ಎಂದು, ಇಂಗ್ಲಿಷಿನಲ್ಲಿ "ಕಂಟೇನ್ಸ್ ವೀಟ್" ಎಂದು ಹಾಕಬೇಕು. ಅಕ್ಕಿ ಹಿಟ್ಟಿನ ಇಂಗು ಹುಡುಕಿ ತಂದರೆ ಈ ಸಾಲೇ ಬೇಡ. ಸಂಘದವರು ಈಗ ಹಾಗೇ ಮಾಡುತ್ತಿದ್ದಾರೆ. ಹೀಗೆ ಹೇಳಬೇಕಾದ ಇತರ ಪದಾರ್ಥಗಳೆಂದರೆ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ, ಗೇರುಬೀಜದಂಥ ಬೀಜಗಳು, ಸೋಯಾ. ಶೇಂಗಾ ಹಾಕಿದ ನಿಪ್ಪಟ್ಟು, ಬೆಣ್ಣೆ ಹಾಕಿದ ಚಕ್ಕುಲಿ ಮಾಡುವವರು ಇದನ್ನು ಮರೆಯಬಾರದು.

ಕೆಡದ ಹಾಗೆ ಇರಲಿ ಅಂತ ಬೆಂಜೋಯೇಟ್ ಪುಡಿ ಹಾಕುವವರು ಕೆಲವರಿದ್ದಾರೆ. ಹಾಕಿದರೆ "ಸಂರಕ್ಷಕ, ಐಎನ್‌ಎಸ್ 211" ಎಂದು ಬರೆಯಬೇಕು, ಮತ್ತು ಅದಕ್ಕೆ ಮೇಲಿನ ಮಿತಿ ಇದೆ. ಕೈಯಂದಾಜಿನ ಚಿಟಿಕೆಯಲ್ಲಿ ಆ ಮಿತಿ ಪಾಲಿಸಲಿಕ್ಕೆ ಸಾಧ್ಯವೇ ಇಲ್ಲ. ಸರಿಯಾದ ಉಪ್ಪು, ಒಣಗಿದ ಬಾಟ್ಲಿ ಇದ್ದರೆ ಮಿಡಿಗೆ ಅದು ಬೇಕಾಗುವುದಿಲ್ಲ.

ಹಸಿರು ಚುಕ್ಕೆಯನ್ನು ಹಳೆಯ ಲೇಬಲಿನಲ್ಲಿ ಹಿಂಬದಿಯ ಮೂಲೆಗೆ ಹಾಕಿದ್ದರು. ಅದು ಎದುರಿನ ಮುಖದಲ್ಲಿ, ಹೆಸರಿನ ಹತ್ತಿರ ಇರಬೇಕು. ಹಸಿರು ಚೌಕದೊಳಗೆ ಹಸಿರು ತುಂಬಿದ ವೃತ್ತ. ನಮ್ಮ ಬಾಟ್ಲಿಯ ಹಾಗೆ ಎದುರಿನ ಮುಖ 100 ಚದರ ಸೆಂಟಿಮೀಟರ್ ಒಳಗಿದ್ದರೆ ವೃತ್ತ ಕನಿಷ್ಠ 3 ಮಿಲಿಮೀಟರ್ ಅಡ್ಡಳತೆ ಇರಬೇಕು, ಚೌಕ ಅದರ ಎರಡರಷ್ಟು. ಕರಾವಳಿಯ ಸಂಘಗಳಲ್ಲಿ ಸಿಗಡಿ ಉಪ್ಪಿನಕಾಯಿ ಮಾಡುವವರು ಕಂದು ಚೌಕದೊಳಗೆ ಕಂದು ತ್ರಿಕೋನ ಹಾಕಬೇಕು. ಹಳೇ ಪೊಟ್ಟಣಗಳಲ್ಲಿದ್ದ ಕಂದು ವೃತ್ತ ಈಗ ನಡೆಯುವುದಿಲ್ಲ.

ಪೌಷ್ಟಿಕಾಂಶದ ಪಟ್ಟಿ ಮಸಾಲೆ ಪುಡಿಗೆ ಬೇಡ, ಉಪ್ಪಿನಕಾಯಿಗೆ ಬೇಕು. ಇದನ್ನು ಸಂಘದವರು ಯಾವುದೋ ಕಂಪನಿಯ ಬಾಟ್ಲಿ ನೋಡಿ ನಕಲು ಮಾಡಿದ್ದರು. ನಕಲು ಹೇಗೆ ಸಿಕ್ಕಿಬೀಳುತ್ತದೆ ನೋಡಿ. ನಮ್ಮ 100 ಗ್ರಾಂ ಉಪ್ಪಿನಕಾಯಿಯಲ್ಲಿ 18 ಗ್ರಾಂ ಉಪ್ಪು. ಉಪ್ಪಿನಲ್ಲಿ ಸೋಡಿಯಂ ಶೇಕಡಾ 39ರಷ್ಟು. ಅಂದರೆ 7,000 ಮಿಲಿಗ್ರಾಂ ಹತ್ತಿರ ಇರಬೇಕು. ಲೇಬಲಿನಲ್ಲಿ ಅದರ ಅರ್ಧವೂ ಇರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಕೋಷ್ಟಕ ಪ್ರಕಟಿಸಿದೆ. ತೂಕದ ಪಟ್ಟಿ ಸರಿಯಿದ್ದರೆ ಅದರಿಂದ ಲೆಕ್ಕ ಹಾಕಬಹುದು, ಅಥವಾ ಮಾನ್ಯತೆ ಪಡೆದ ಲ್ಯಾಬಿಗೆ ಮಾದರಿ ಕಳಿಸಬಹುದು.

ದಿನಾಂಕದಲ್ಲಿ "ತಯಾರಿಸಿದ ದಿನದಿಂದ ಒಂದು ವರ್ಷ ಉತ್ತಮ" ಅಂತ ಮಾತ್ರ ಇತ್ತು, ತಯಾರಿಸಿದ ದಿನ ಯಾವುದು ಅಂತಲೇ ಇರಲಿಲ್ಲ. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ ಎರಡೂ ಕಡ್ಡಾಯ. ಮೂರು ತಿಂಗಳೊಳಗೆ ಮುಗಿಯುವ ಚಕ್ಕುಲಿಯಂಥ ತಿಂಡಿಗೆ ದಿನ, ತಿಂಗಳು, ವರ್ಷ ಮೂರೂ ಬೇಕು. ಉಪ್ಪಿನಕಾಯಿಗೆ ತಿಂಗಳು, ವರ್ಷ ಸಾಕು. ಒಂದು ವರ್ಷ ಅಂತ ಯಾರು ಹೇಳಿದರು ಎಂದು ಕೇಳಿದಾಗ, "ನಮ್ಮ ಅಮ್ಮ ಎರಡು ವರ್ಷ ಇಡುತ್ತಿದ್ದರು" ಎಂದರು. ಅಮ್ಮ ಇಡುತ್ತಿದ್ದುದು ಭರಣಿಯಲ್ಲಿ, ಬಟ್ಟೆ ಕಟ್ಟಿ, ಒಣ ಸೌಟಿನಲ್ಲಿ ತೆಗೆದು. ಅಂಗಡಿಯ ಶೆಲ್ಫಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುವ ಬಾಟ್ಲಿಯ ಕತೆ ಬೇರೆ. ಪ್ರತಿ ಸಲ ಮಾಡಿದ್ದರಲ್ಲಿ ಆರು ಬಾಟ್ಲಿ ಎತ್ತಿಟ್ಟು, ಎರಡು ತಿಂಗಳಿಗೊಂದು ತೆರೆದು ನೋಡಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ. ಅದೇ ಪುಸ್ತಕದಲ್ಲಿ ಬ್ಯಾಚ್ ನಂಬರಿನ ಎದುರು ತೂಕದ ಪಟ್ಟಿ, ಯಾವ ಅಂಗಡಿಗೆ ಎಷ್ಟು ಕೊಟ್ಟಿರಿ ಎಂಬುದೂ ಇರಲಿ. ಒಂದು ಬಾಟ್ಲಿಯ ಮೇಲೆ ದೂರು ಬಂದರೆ ಆ ಬ್ಯಾಚ್ ಮಾತ್ರ ವಾಪಸ್ ತರಿಸಬಹುದು, ಎಲ್ಲವನ್ನೂ ಸುರಿಯಬೇಕಾಗಿಲ್ಲ.

ಬೆಲೆ 120 ರೂಪಾಯಿ, ಎಲ್ಲ ತೆರಿಗೆ ಸೇರಿ, ನಿವ್ವಳ ತೂಕ 250 ಗ್ರಾಂ. ಇದರ ಜೊತೆಗೆ ಈಗ ಒಂದು ಗ್ರಾಂಗೆ ಎಷ್ಟು ಬಿತ್ತು ಎಂದೂ ಹಾಕಬೇಕು. 120ನ್ನು 250ರಿಂದ ಭಾಗಿಸಿದರೆ 48 ಪೈಸೆ. ನಿವ್ವಳ ತೂಕ ಅಂದರೆ ಬಾಟ್ಲಿ, ಮುಚ್ಚಳ ಬಿಟ್ಟು ಒಳಗಿನದ್ದು ಮಾತ್ರ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಪೊಟ್ಟಣ ಕಟ್ಟಿ ಮಾರುವವರು ಅದೇ ಇಲಾಖೆಯಲ್ಲಿ ಪ್ಯಾಕರ್ ಅಂತ 90 ದಿನದೊಳಗೆ ಬೇರೆ ನೋಂದಣಿಯನ್ನೂ ಮಾಡಿಸಬೇಕು. ಎಫ್‌ಎಸ್‌ಎಸ್‌ಎಐ ಆಯಿತಲ್ಲ ಅಂತ ಇದನ್ನು ಬಹಳ ಜನ ಬಿಡುತ್ತಾರೆ. ಸಾಂಬಾರು ಪುಡಿಯವರಿಗೆ ಪೊಟ್ಟಣ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ, ಪುಡಿ ಮಾಡಿದ ಮಸಾಲೆಯನ್ನು ಬಿಡಿಯಾಗಿ ತೂಗಿ ಮಾರುವಂತಿಲ್ಲ.

ಕೊನೆಗೆ ತಯಾರಿಸಿದ ಜಾಗದ ಪೂರ್ತಿ ವಿಳಾಸ ಪಿನ್ ಕೋಡ್ ಸಮೇತ, ದೂರು ಹೇಳಲು ಫೋನು ಮತ್ತು ಇ-ಮೇಲ್, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಅದರ ಜೊತೆಗೆ ಸ್ವಂತ 14 ಅಂಕಿ, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದಲ್ಲಿ. ತಪ್ಪು ಲೇಬಲಿಗೆ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಅಂಗಡಿಯವರು ಅಷ್ಟಕ್ಕೇ ಹೆದರುವುದು.

ಹೊಸ ಲೇಬಲಿನ ಎರಡನೇ ಕಂತು 40 ಬಾಟ್ಲಿ ಅದೇ ಅಂಗಡಿಗೆ ಹೋಯಿತು. ಹುಡುಗ ಮತ್ತೆ ನಂಬರು ಹೊಡೆದು ನೋಡಿದನಂತೆ, ಈ ಸಲ ಸಂಘದ ಹೆಸರೇ ಬಂತು. ನೀವೂ ಪ್ರೆಸ್ಸಿಗೆ ಕೊಡುವ ಮೊದಲು ಲೇಬಲಿನ ಒಂದು ಪ್ರತಿ, ತೂಕ ಬರೆದ ಹಾಳೆ ಮತ್ತು ಇಂಗಿನ ಖಾಲಿ ಡಬ್ಬ ಹಿಡಿದುಕೊಂಡು ನಮ್ಮ ಕಚೇರಿಗೆ ಬನ್ನಿ. ಸಾವಿರ ಲೇಬಲ್ ಅಚ್ಚಾದ ಮೇಲೆ ತಂದರೆ ನಾವು ಏನೂ ಮಾಡಲಿಕ್ಕಾಗುವುದಿಲ್ಲ.